ದೀರ್ಘ ತಪ್ಪಿದರೆ ಕೀರ್ತನದ ಅರ್ಥವೂ ತಪ್ಪೀತು

ಚಿಂಚೋಳಿ ಕಡೆಯವರಿಗೆ ಬೀದರ ದೂರದ ಊರಲ್ಲ. ಅಲ್ಲಿಯ ನಾನಕ ಝೀರಾದ ನೀರು ಕುಡಿದು, ಲಂಗರಿನಲ್ಲಿ ಉಂಡು ಬಂದವರು ಸೇಡಂ, ಶಹಾಬಾದಿನಲ್ಲೂ ಬಹಳ ಮಂದಿ ಇದ್ದಾರೆ. 1699ರಲ್ಲಿ ಗುರು ಗೋವಿಂದ ಸಿಂಗರ ಮುಂದೆ ತಲೆ ಒಡ್ಡಿ ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ ಸಿಂಗರು ಬೀದರದವರೇ. ಆದರೆ ಅಲ್ಲಿ ಹಾಡುವುದೇನು ಎಂದು ಕೇಳಿದರೆ, "ಏನೋ ಪಂಜಾಬಿ ಭಜನೀ ಇರಬೇಕ್ರಿ" ಎನ್ನುತ್ತೇವೆ.

ನಮ್ಮ ಊರುಗಳಲ್ಲಿ ಸರ್ವಧರ್ಮದ ಭಕ್ತಿ ಸಂಜೆ ಇಟ್ಟುಕೊಳ್ಳುವವರು ಈ ಕೀರ್ತನಗಳನ್ನು ಕನ್ನಡ ಲಿಪಿಯಲ್ಲಿ, ಅರ್ಥದೊಂದಿಗೆ ಅಚ್ಚು ಹಾಕಿಸಿ ಹಂಚಬೇಕು ಎಂಬುದು ನನ್ನ ಮಾತು. ಆದರೆ ಅವಸರ ಮಾಡಿದರೆ ಕೆಟ್ಟೀತು. ಹೇಗೆಂದು ಒಂದೇ ಪದದಿಂದ ತೋರಿಸುತ್ತೇನೆ.

ಆರಿಸಬೇಕಾದ್ದು ನಾಮದೇವರ ಪದ. ಪಂಢರಪುರದ ವಿಠ್ಠಲನ ಭಕ್ತ ನಾಮದೇವರ ಪದಗಳು ಗುರು ಗ್ರಂಥ ಸಾಹಿಬದಲ್ಲಿ 61 ಇವೆ. ಅವುಗಳಲ್ಲಿ 727ನೇ ಪುಟದ ತಿಲಂಗ ರಾಗದ ಪದ ಬಹಳ ಚಿಕ್ಕದು: ಒಂದು ಪಲ್ಲವಿ, ಮೂರು ನುಡಿ. ಪಲ್ಲವಿಗೆ ಅವರು 'ರಹಾವು' ಅನ್ನುತ್ತಾರೆ. ಕುರುಡನಿಗೆ ಊರುಗೋಲು ಹೇಗೋ ಹಾಗೆ ನಿನ್ನ ನಾಮವೇ ನನಗೆ ಆಸರೆ, ನಾನು ಬಡವ ಎಂಬುದು ಅದರ ಭಾವ. ಮುಂದೆ ಅದೇ ದೇವರನ್ನು ಕರೀಮ, ರಹೀಮ, ಅಲ್ಲಾ ಎಂದು ಕರೆದು, ಕೊನೆಗೆ ಕ್ಷಮಿಸುವ ಹರಿ ನೀನೇ ಎಂದು ಮುಗಿಸುತ್ತಾರೆ. ಗರೀಬ, ಮಸ್ಕೀನ ಎಂಬ ಮಾತುಗಳು ನಮ್ಮ ಸಂತೆಯಲ್ಲೇ ಕೇಳುವಂಥವು. ಮರಾಠಿಯ 'ಚೇ' ಪ್ರತ್ಯಯವೂ ಅದರಲ್ಲಿ ಉಳಿದಿದೆ. ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಪದ ಸಿಗಲಿಕ್ಕಿಲ್ಲ.

ಇನ್ನು ಕೆಡುವುದು ಎಲ್ಲಿ? ಮೊದಲನೆಯದು ಲಿಪಿಯಲ್ಲಿ. ಗುರುಮುಖಿಯಲ್ಲಿ ಬರೆದ ಕೊನೆಯ ಗುಡಿಸು, ಕೊಂಬು ಎಷ್ಟೋ ಕಡೆ ವ್ಯಾಕರಣದ ಗುರುತು ಮಾತ್ರ, ಉಚ್ಚಾರಕ್ಕೆ ಬರುವುದಿಲ್ಲ. ಅವರು 'ನಾಮು' ಎಂದು ಬರೆದರೂ ಹಾಡುವಾಗ 'ನಾಮ್' ಅನ್ನುತ್ತಾರೆ. ಕನ್ನಡದವರು ಬರೆದಂತೆ ಓದುವ ಮಂದಿ. ಅಕ್ಷರಕ್ಕೆ ಅಕ್ಷರ ಇಳಿಸಿದರೆ ಇಡೀ ಸಭೆ 'ನಾಮು, ನಾಮು' ಎಂದು ಎಳೆಯುತ್ತದೆ. ಆದ್ದರಿಂದ ಪುಸ್ತಕ ನೋಡಿ ಇಳಿಸಬಾರದು. ರಾಗಿಗಳ ಬಾಯಿಂದ ಕೇಳಿ ಇಳಿಸಬೇಕು, ಅಚ್ಚಿಗೆ ಕೊಡುವ ಮೊದಲು ಅವರ ಮುಂದೆ ಗಟ್ಟಿಯಾಗಿ ಓದಿ ತೋರಿಸಬೇಕು.

ಎರಡನೆಯದು ದೀರ್ಘ. ಈ ಪದದಲ್ಲಿ 'ದಾನಾ', 'ಬೀನಾ' ಎಂಬ ಎರಡು ಪಾರಸಿ ಮಾತುಗಳಿವೆ. ದಾನಾ ಎಂದರೆ ತಿಳಿದವನು, ಬೀನಾ ಎಂದರೆ ಕಾಣುವವನು. ಮೊದಲನೆಯದರ ಕೊನೆಯ ದೀರ್ಘ ಬಿಟ್ಟರೆ ಅದು ನಮ್ಮ 'ದಾನ' ಆಗುತ್ತದೆ. ಎರಡನೆಯದರ ಮೊದಲ ದೀರ್ಘ ಬಿಟ್ಟರೆ ಉರ್ದು ಬಲ್ಲವರು 'ಇಲ್ಲದೆ' ಎಂದು ತಿಳಿಯುತ್ತಾರೆ. ಎಲ್ಲವನ್ನೂ ಕಾಣುವ ದೇವರು ಒಂದು ಗೀಟು ಹೋದದ್ದಕ್ಕೆ 'ಇಲ್ಲದವ' ಆಗಿ ಕೂತಾನು!

ಮೂರನೆಯದೇ ದೊಡ್ಡದು. ಅರ್ಥ ಬರೆಯುವವರು ತಮ್ಮ ಮನೆಯ ದೇವರ ಕಡೆ ವಾಲುತ್ತಾರೆ. ಒಬ್ಬರು ಅಲ್ಲಾ ಇದ್ದಲ್ಲಿ 'ಪರಮಾತ್ಮ' ಎಂದು ಬರೆದು ದಾಟಿಸುತ್ತಾರೆ, ಇನ್ನೊಬ್ಬರು ಹರಿ ಇದ್ದಲ್ಲಿ 'ಒಡೆಯ' ಅನ್ನುತ್ತಾರೆ. ಜಗಳ ಬರಬಾರದೆಂದೇ ಹೀಗೆ ಮಾಡುವವರಿದ್ದಾರೆ. ಆದರೆ ಎರಡು ಹೆಸರೂ ಒಂದೇ ಬಾಯಲ್ಲಿ ಬಂದದ್ದೇ ಈ ಪದದ ಜೀವ. ಅದನ್ನು ತೆಗೆದ ಮೇಲೆ ಉಳಿಯುವುದೇನು? ಹೆಸರುಗಳನ್ನು ಮೂಲದಲ್ಲಿದ್ದಂತೆಯೇ ಇಡಬೇಕು. ಅರ್ಥ ನುಡಿಗೆ ಎರಡು ಸಾಲು ಸಾಕು, ಉಪದೇಶ ಬೇಡ.

"ಹಂಗಾದ್ರ ನಮ್ಮ ಭಜನಾ ಮಂಡಳಿಯವರೇ ಹಾಡಬಹುದೇನ್ರಿ?" ಎಂದು ಕಿರಾಣಿ ಅಂಗಡಿಯ ಸಾವಕಾರರು ಕೇಳಿದರು. ಸಿಖ್ಖರ ರಹತ್ ಮರ್ಯಾದೆಯ ಪ್ರಕಾರ ಸಂಗತದಲ್ಲಿ ಕೀರ್ತನ ಮಾಡುವವರು ಸಿಖ್ಖರೇ ಆಗಿರಬೇಕು. ಪದದೊಳಗಿನ ಸಾಲನ್ನೇ ಪಲ್ಲವಿಯಾಗಿ ಹಾಡಬೇಕು, ಹೊರಗಿನ ಮಾತು ಸೇರಿಸುವಂತಿಲ್ಲ. ನಮ್ಮ ಭಜನೆಯಲ್ಲಿ ನಡುನಡುವೆ ಜೈಕಾರ ಸೇರಿಸುವ ರೂಢಿ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಕೀರ್ತನ ರಾಗಿಗಳೇ ಹಾಡಲಿ, ಕನ್ನಡ ಅರ್ಥ ನಮ್ಮವರು ಓದಲಿ. ಅವರದು ಮುಗಿದ ಮೇಲೆ ನಮ್ಮವರು ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತಿಕೊಳ್ಳಲಿ.

ಕೊನೆಗೆ ಒಂದು ಮಾತು ಅಂಗಡಿಯವರಿಗೇ. ಗುರುಬಾನಿ ಅಚ್ಚಾದ ಹಾಳೆ ಸಿಖ್ಖರಿಗೆ ಬರೇ ಕಾಗದವಲ್ಲ. ಹಳೆಯದಾದರೆ ಅದನ್ನು ಮರ್ಯಾದೆಯಿಂದ ಅಗ್ನಿಗೆ ಒಪ್ಪಿಸುತ್ತಾರೆ. ಹಿಂದೊಮ್ಮೆ ಒಂದು ಭಕ್ತಿ ಸಂಜೆಯ ಹಾಡಿನ ಹಾಳೆಯಲ್ಲಿ ಮರುದಿನ ನನಗೆ ಮಿರ್ಚಿ ಭಜಿ ಕಟ್ಟಿಕೊಟ್ಟರು. ಎಣ್ಣೆಯ ಕಲೆಯ ನಡುವೆ ಶರಣರ ಹೆಸರು ಕಾಣುತ್ತಿತ್ತು, ತಿನ್ನಲು ಮನಸ್ಸಾಗಲಿಲ್ಲ. ಹಾಳೆಗಳನ್ನು ಎಣಿಸಿ ಕೊಡಿ, ಸಂಜೆ ಮುಗಿದ ಕೂಡಲೇ ಎಣಿಸಿ ವಾಪಸ್ ತೆಗೆದುಕೊಳ್ಳಿ. ಮನೆಗೆ ಬೇಕೆಂದವರಿಗೆ ಬರೇ ಅರ್ಥವಿರುವ ಬೇರೆ ಚೀಟಿ ಕೊಡಿ. ಇಷ್ಟು ಜವಾಬ್ದಾರಿ ಹೊರಲು ಆಗದಿದ್ದರೆ ಅಚ್ಚು ಹಾಕಿಸಲೇಬೇಡಿ, ಅರ್ಥವನ್ನು ಮೈಕಿನಲ್ಲಿ ಓದಿ ಹೇಳಿದರೂ ಸಾಕು.