ಲ್ಯಾಮ್ಡಾ ಎಲ್ಲಿಂದ ಬಂತು?

ನಮ್ಮ ಮ್ಯಾಥ್ಸ್ ಪೇಪರ್‌ನಲ್ಲಿ ಪಾಯ್ಸನ್ ಪ್ರಶ್ನೆ ಬಂದ್ರೆ ಎಲ್ಲರಿಗೂ ಖುಷಿ. ಲ್ಯಾಮ್ಡಾ ಅವರೇ ಕೊಟ್ಟಿರ್ತಾರೆ, ನಾವು ಫಾರ್ಮುಲಾಗೆ ಹಾಕಿ ಮಾರ್ಕ್ಸ್ ತಗೋತೀವಿ. ಆದ್ರೆ ಆ ಲ್ಯಾಮ್ಡಾ ಎಲ್ಲಿಂದ ಬಂತು, ಎಷ್ಟು ಹೊತ್ತು ನೋಡಿದ ಮೇಲೆ ಬಂತು ಅಂತ ಯಾರೂ ಕೇಳಲ್ಲ. ಪಾಯ್ಸನ್‌ನಲ್ಲಿ ನಿಜವಾಗಿ ಕಲಿಯಬೇಕಾದ ವಿಷಯ ಅದೇ ಅಂತ ನನ್ನ ಅಭಿಪ್ರಾಯ. ಇದು ನಂಗೆ ಹೊಳೆದದ್ದು ಒಂದು ಹಳೆಯ ಟೇಬಲ್ ಹಿಡ್ಕೊಂಡು ಕೂತಾಗ.

1951ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನ ಡಾಕ್ಟರುಗಳಿಗೆ ಪತ್ರ ಬರೆದು, ನೀವು ಸಿಗರೇಟ್ ಸೇದ್ತೀರಾ ಅಂತ ಕೇಳಿದರು. ಆಮೇಲೆ ವರ್ಷಗಟ್ಟಲೆ ಅವರಲ್ಲಿ ಯಾರು ಯಾವಾಗ ಯಾಕೆ ಸತ್ತರು ಅಂತ ಲೆಕ್ಕ ಇಟ್ಟರು. ಮೊದಲ ಹತ್ತು ವರ್ಷಗಳ ಹೃದಯಾಘಾತದ ಸಾವುಗಳ ಟೇಬಲ್ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ. ಸೇದುವವರಲ್ಲಿ 630 ಸಾವು, ಸೇದದವರಲ್ಲಿ 101.

ಹಾಗಾದ್ರೆ ಆರು ಪಟ್ಟು ಅಪಾಯ ಅಂತೀರಾ? ಇಲ್ಲ. ಸೇದುವವರನ್ನ ಒಟ್ಟು 1,42,247 ವ್ಯಕ್ತಿ-ವರ್ಷ ಗಮನಿಸಿದ್ದಾರೆ, ಸೇದದವರನ್ನ 39,220 ಮಾತ್ರ. ಒಬ್ಬರನ್ನ ಒಂದು ವರ್ಷ ಗಮನಿಸಿದ್ರೆ ಒಂದು ವ್ಯಕ್ತಿ-ವರ್ಷ. ಮಧ್ಯದಲ್ಲೇ ಸತ್ತವರು ಅಲ್ಲೀವರೆಗಿನ ಸಮಯವನ್ನಷ್ಟೇ ಕೊಡ್ತಾರೆ. ಭಾಗಿಸಿ ನೋಡಿದ್ರೆ ಸಾವಿರ ವ್ಯಕ್ತಿ-ವರ್ಷಕ್ಕೆ 4.43 ಮತ್ತು 2.58. ಆರು ಪಟ್ಟು ಇದ್ದದ್ದು 1.72 ಪಟ್ಟಿಗೆ ಇಳೀತು.

ಸರಿ, ಭಾಗಿಸಿ ಬಂದ ದರಕ್ಕೇ ಒಂದು ಸರಳರೇಖೆ ಎಳೆದ್ರೆ ಆಗಲ್ವಾ? ನಾನೂ ಮೊದಲು ಹಾಗೇ ಮಾಡಿದ್ದೆ. ತೊಂದರೆ ಏನಂದ್ರೆ, 35–44 ವಯಸ್ಸಿನ ಸೇದದವರಲ್ಲಿ ಸತ್ತವರು ಇಬ್ಬರೇ. ಇನ್ನೊಬ್ಬರು ಸತ್ತಿದ್ರೆ ದರ ಒಮ್ಮೆಲೇ ಒಂದೂವರೆ ಪಟ್ಟು ಆಗ್ತಿತ್ತು. 206 ಸಾವು ಇರೋ ಗುಂಪಿನಲ್ಲಿ ಒಂದು ಹೆಚ್ಚಾದ್ರೆ ಏನೂ ಗೊತ್ತಾಗಲ್ಲ. ಭಾಗಿಸಿದ ಕ್ಷಣವೇ ಈ ವ್ಯತ್ಯಾಸ ಕಳೆದುಹೋಗುತ್ತೆ. ಪಾಯ್ಸನ್ ರಿಗ್ರೆಷನ್ ಎಣಿಕೆಯನ್ನ ಎಣಿಕೆಯಾಗೇ ಇಟ್ಕೊಂಡು, ಅದರ ಸರಾಸರಿಯ ಲಾಗ್‌ಗೆ ಸಮೀಕರಣ ಬರೆಯುತ್ತೆ. ಸಮಯ ಬಲಗಡೆ `log(py)` ಆಗಿ ಬಂದು ಕೂರುತ್ತೆ, ಅದರ ಗುಣಾಂಕ 1 ಅಂತ ಮೊದಲೇ ಕಟ್ಟಿಹಾಕಿರ್ತೀವಿ. ಇದೇ ಆಫ್‌ಸೆಟ್. ಸಮಯ ಎರಡು ಪಟ್ಟಾದ್ರೆ ನಿರೀಕ್ಷಿತ ಸಾವೂ ಎರಡು ಪಟ್ಟು ಅನ್ನೋದಷ್ಟೇ ಅದರ ಅರ್ಥ.

```r
glm(deaths ~ smoke + factor(age) + offset(log(py)),
    family = poisson, data = d)
```

ಇಲ್ಲಿ `log` ಮರೆತ್ರೆ ಎಲ್ಲಾ ಕೆಡುತ್ತೆ. ಪೈಥಾನ್‌ನ statsmodels ಬಳಸೋರು ಇನ್ನೂ ಹುಷಾರಾಗಿರಿ: `exposure=` ಗೆ ಕೊಟ್ಟರೆ ಲಾಗ್ ಅದೇ ತಗೊಳ್ಳುತ್ತೆ, `offset=` ಗೆ ಕೊಟ್ಟರೆ ನೀವೇ ತಗೋಬೇಕು.

ವಯಸ್ಸು ಯಾಕೆ ಬೇಕು? ವ್ಯಕ್ತಿ-ವರ್ಷದ ಲೆಕ್ಕದಲ್ಲಿ ಒಂದು ವರ್ಷ ಇನ್ನೊಂದು ವರ್ಷಕ್ಕೆ ಸಮ ಅಂತ ಒಪ್ಪಿರ್ತೀವಿ. 40ರ ವರ್ಷ, 80ರ ವರ್ಷ ಸಮ ಅಲ್ವಲ್ಲ! ಅದಕ್ಕೇ ವಯಸ್ಸನ್ನ ಐದು ಗುಂಪು ಮಾಡ್ತಾರೆ. 42ನೇ ಹುಟ್ಟುಹಬ್ಬದಿಂದ ಏಳು ವರ್ಷ ಗಮನಿಸಿದ ಡಾಕ್ಟರು ಮೂರು ವರ್ಷ ಮೊದಲ ಗುಂಪಿಗೆ, ನಾಲ್ಕು ವರ್ಷ ಎರಡನೇ ಗುಂಪಿಗೆ ಕೊಡ್ತಾರೆ. ಸೇದದವರ ಸಮಯದಲ್ಲಿ ಸುಮಾರು ಅರ್ಧ ಅತಿ ಕಿರಿಯ ಗುಂಪಿನದ್ದು, ಸೇದುವವರದ್ದು ಶೇಕಡ 37. ಇದನ್ನ ಸರಿದೂಗಿಸಿದ ಮೇಲೆ 1.72 ಇದ್ದದ್ದು 1.43 ಆಗುತ್ತೆ.

ನಮ್ಮಂಥವರು ಇಲ್ಲಿಗೆ ಕೆಳಗೆ ಎರಡು ಗೆರೆ ಎಳೆದು ಉತ್ತರ ಬರೆದು ಎದ್ದುಬಿಡ್ತೀವಿ. ಎದ್ದೇಳಬಾರದು. ರೆಸಿಡ್ಯುವಲ್ ಡೀವಿಯನ್ಸ್ ನೋಡಿ: 12.13, ಡಿಗ್ರೀಸ್ ಆಫ್ ಫ್ರೀಡಂ 4. ಮಾಡೆಲ್ ಸರಿ ಇದ್ದಿದ್ರೆ ಇದು 4ರ ಆಸುಪಾಸಲ್ಲಿ ಇರಬೇಕಿತ್ತು. ಕಿರಿಯ ಗುಂಪಿನ ಸೇದದವರಲ್ಲಿ ಸುಮಾರು 7 ಸಾವು ಅಂತ ಮಾಡೆಲ್ ಹೇಳುತ್ತೆ, ಸತ್ತವರು 2. ಅತಿ ಹಿರಿಯರಲ್ಲಿ 21–22 ಅನ್ನುತ್ತೆ, ಸತ್ತವರು 31. ಅಂದ್ರೆ ಎಲ್ಲ ವಯಸ್ಸಿಗೂ ಒಂದೇ ಪಟ್ಟು ಅನ್ನೋ ನಮ್ಮ ಊಹೆಯೇ ತಪ್ಪು.

ಒಂದೊಂದೇ ಗುಂಪು ತೆಗೆದು ನೋಡಿದ್ರೆ ಆ ಪಟ್ಟು ಕ್ರಮವಾಗಿ 5.7, 2.1, 1.5, 1.4, 0.9. ಇಬ್ಬರೇ ಸತ್ತಿರೋದ್ರಿಂದ 5.7 ಅನ್ನೋದನ್ನ ಕಲ್ಲಲ್ಲಿ ಕೆತ್ತಿದಂತೆ ನಂಬೋಕಾಗಲ್ಲ, ಆದ್ರೆ ಇಳಿಜಾರು ಸ್ಪಷ್ಟ. 1.43 ಅನ್ನೋ ಒಂದೇ ಅಂಕಿ ಕಿರಿಯ ಡಾಕ್ಟರುಗಳ ಅಪಾಯವನ್ನ ಮುಚ್ಚಿಡ್ತಿತ್ತು. ಸಿಗರೇಟ್‌ನ ಪರಿಣಾಮವನ್ನ ವಯಸ್ಸಿನ ಜೊತೆ ಬದಲಾಗೋಕೆ ಬಿಟ್ಟರೆ ಮಾತ್ರ ಅದು ಮಾಡೆಲ್‌ನಲ್ಲಿ ಕಾಣುತ್ತೆ.

ಅದಕ್ಕೇ ನನ್ನ ಬೇಡಿಕೆ ಸಣ್ಣದು. ಲ್ಯಾಮ್ಡಾ ಕೊಟ್ಟು ಕೇಳೋ ಹತ್ತು ಪ್ರಶ್ನೆಗಳ ಬದಲು, ಹತ್ತು ಸಾಲಿನ ಈ ಟೇಬಲ್ ಕೊಟ್ಟು ಒಂದು ಲ್ಯಾಬ್ ಮಾಡಿಸಲಿ. 6ರಿಂದ 1.72ಕ್ಕೆ, ಅಲ್ಲಿಂದ 1.43ಕ್ಕೆ, ಕೊನೆಗೆ ಅದೂ ಸಾಲದು ಅನ್ನೋವರೆಗೆ ನಾವೇ ಕೈಯಾರೆ ಬರಬೇಕು. ಆಮೇಲೆ ಯಾರಾದ್ರೂ ಬರೀ ಎಣಿಕೆ ತಂದು ಮುಂದಿಟ್ಟರೆ, "ಎಷ್ಟು ಜನರನ್ನ, ಎಷ್ಟು ಹೊತ್ತು ನೋಡಿದ್ರಿ?" ಅಂತ ತಾನಾಗೇ ಬಾಯಿಗೆ ಬರುತ್ತೆ.