೨೫೦ ಪದಗಳಲ್ಲಿ ಬೂದಿಕೋಟೆ

ಅಬ್‌ಸ್ಟ್ರಾಕ್ಟ್ ಅಂದ್ರೆ ಪ್ರಬಂಧದ ಸಾರಾಂಶ ಅಂತ ಎಲ್ಲ ಕಡೆ ಹೇಳಿಕೊಡ್ತಾರೆ. ನನಗೇನೋ ಹಾಗನ್ನಿಸಲ್ಲ. ಸಾರಾಂಶ ಅಂದ್ಕೊಂಡು ಕೂತವರು ಇಪ್ಪತ್ತು ಪುಟದಲ್ಲಿರೋದನ್ನೆಲ್ಲ ಸಮನಾಗಿ ಹಿಂಡೋಕೆ ಹೋಗ್ತಾರೆ. ಆಗ ಮೊದಲು ಸೋರಿ ಹೋಗೋದು ಊರಿನ ಹೆಸರು, ಇಸವಿ, ಜನ. ಉಳಿಯೋದು ದೊಡ್ಡ ದೊಡ್ಡ ಪದಗಳು ಮಾತ್ರ. ನನ್ನ ಪ್ರಕಾರ ಪದಮಿತಿ ಬಿಗಿಯಾದಷ್ಟೂ ಊರನ್ನ ಗಟ್ಟಿಯಾಗಿ ಹಿಡ್ಕೋಬೇಕು, ಪೀಠಿಕೆಯನ್ನ ಬಿಡಬೇಕು.

ಇಲ್ಲಿ ಮಾಕಳಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಮಾಧ್ಯಮ ಅಧ್ಯಯನದ ವಿದ್ಯಾರ್ಥಿನಿ. ಒಂದು ಸಮ್ಮೇಳನಕ್ಕೆ ಪ್ರಬಂಧ ಕಳಿಸಬೇಕಿತ್ತು. ಅಬ್‌ಸ್ಟ್ರಾಕ್ಟು ಇಂಗ್ಲಿಷಿನಲ್ಲಿ ೨೫೦ ಪದ, ಕೀವರ್ಡು ಐದು. ಒಂದು ಪದ ಜಾಸ್ತಿ ಆದ್ರೂ ಫಾರಂ ತಗೊಳ್ಳಲ್ಲ. "ಅಂಕಲ್, ಸ್ವಲ್ಪ ನೋಡಿ ಕೊಡಿ, ೩೮೦ ಆಗಿದೆ, ಎಲ್ಲಿ ಕತ್ತರಿಸೋದು ಗೊತ್ತಾಗ್ತಿಲ್ಲ" ಅಂತ ಪ್ರಿಂಟೌಟ್ ತಂದ್ಲು.

ವಿಷಯ ಮಾತ್ರ ಚಿನ್ನದಂಥದ್ದು. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಬಗ್ಗೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ೧೯೯೫ರಲ್ಲಿ ಸುಪ್ರೀಂ ಕೋರ್ಟು ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ತೀರ್ಪು ಕೊಡ್ತು. ಆದ್ರೆ ಹಳ್ಳಿಯವರು ರೇಡಿಯೋ ಕೇಂದ್ರ ಹಾಕೋಕೆ ಅನುಮತಿ ಸಿಗಲಿಲ್ಲ. ೨೦೦೨ರ ನೀತಿ ಕಾಲೇಜು, ವಿಶ್ವವಿದ್ಯಾಲಯದಂಥ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆಗೀತು. ಸರ್ಕಾರೇತರ ಸಂಸ್ಥೆಗಳಿಗೆ ತೆಗೆದದ್ದು ೨೦೦೬ರಲ್ಲಿ. ಅಷ್ಟರೊಳಗೇ, ೨೦೦೧ರಲ್ಲೇ, ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಬೂದಿಕೋಟೆಯಲ್ಲಿ ಸ್ಟುಡಿಯೋ ಶುರು ಮಾಡಿದ್ವು. ಗಾಳಿಯಲ್ಲಿ ಬಿಡೋ ಹಾಗಿಲ್ಲವಲ್ಲ, ಅದಕ್ಕೆ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಧ್ವನಿ ಕಳಿಸಿದ್ರು. ಸ್ವಸಹಾಯ ಗುಂಪಿನ ಹೆಂಗಸರೂ ಕಾರ್ಯಕ್ರಮ ಮಾಡೋದರಲ್ಲಿ ಇದ್ರು.

ಇಷ್ಟು ಒಳ್ಳೇ ಕತೆ ಇಟ್ಕೊಂಡು ಹುಡುಗಿ ಶುರು ಮಾಡಿದ್ದು ಹೇಗೆ ಗೊತ್ತಾ? ಜಾಗತೀಕರಣದ ಈ ಯುಗದಲ್ಲಿ ಮಾಧ್ಯಮಗಳು ಸಮಾಜದ ಅಭಿವೃದ್ಧಿಯಲ್ಲಿ ಮಹತ್ವದ ಪಾತ್ರ ವಹಿಸುತ್ತವೆ ಅಂತ. ಆಮೇಲೆ ಇಬ್ಬರು ಸಿದ್ಧಾಂತಿಗಳ ಹೆಸರು. ಹೀಗೇ ೧೩೦ ಪದ ಖರ್ಚಾಗಿತ್ತು. ಬೂದಿಕೋಟೆ ಬಂದಿದ್ದು ೨೦೦ನೇ ಪದ ದಾಟಿದ ಮೇಲೆ, ಅದೂ 'ಕರ್ನಾಟಕದ ಒಂದು ಹಳ್ಳಿ' ಅಂತ. ಹೆಸರು ಹಾಕಿದ್ರೆ ಲೋಕಲ್ ಅನ್ಸುತ್ತೆ ಅಂತ ಯಾರೋ ಹೇಳಿದ್ರಂತೆ!

ಮೊದಲ ೧೩೦ ಪದ ಪೂರ್ತಿ ಹೊಡೆದು ಹಾಕಿ ಅಂದೆ. ಅಲ್ಲಿಗೇ ೩೮೦ ಇದ್ದದ್ದು ೨೫೦ ಆಯ್ತು. ಆದ್ರೆ ಕೆಲಸ ಮುಗೀಲಿಲ್ಲ, ಉಳಿದಿದ್ದರಲ್ಲಿ ವಾದವೇ ಇರಲಿಲ್ಲ. ಹಾಗಾಗಿ ಕಾಗದದ ಅಂಚಿನಲ್ಲಿ ಒಂದು ಬಜೆಟ್ ಹಾಕಿದ್ವಿ. ಸಂದರ್ಭಕ್ಕೆ ೪೦ ಪದ, ಪ್ರಶ್ನೆಗೆ ೩೦, ಯಾವ ಆಧಾರದ ಮೇಲೆ ಹೇಳ್ತಿದೀನಿ ಅನ್ನೋದಕ್ಕೆ ೫೦, ಕಂಡುಕೊಂಡದ್ದಕ್ಕೆ ೯೦, ಅದರಿಂದ ಏನು ಅನ್ನೋದಕ್ಕೆ ೩೦. ಒಟ್ಟು ೨೪೦. ಹತ್ತು ಪದ ಕೈಯಲ್ಲಿರಲಿ ಅಂತ ಬಿಟ್ಟಿದ್ದು ಸುಮ್ಮನೆ ಅಲ್ಲ. 'ಸೆಲ್ಫ್-ಹೆಲ್ಪ್' ಥರ ಅಡ್ಡಗೆರೆ ಇರೋ ಪದವನ್ನ ವರ್ಡ್ ತಂತ್ರಾಂಶ ಒಂದು ಅಂತ ಎಣಿಸುತ್ತೆ, ಕೆಲವು ಫಾರಂಗಳು ಎರಡು ಅಂತ ಎಣಿಸ್ತವೆ.

ಸಂದರ್ಭದ ೪೦ ಪದದೊಳಗೆ ಮೇಲೆ ಹೇಳಿದ ೧೯೯೫, ೨೦೦೧, ೨೦೦೬ ಮೂರೂ ಇಸವಿ ಆರಾಮಾಗಿ ಕೂತವು. ಪ್ರಶ್ನೆ ಒಂದೇ ವಾಕ್ಯ: ಕಾನೂನು ಗಾಳಿಯನ್ನ ಮುಚ್ಚಿದಾಗ ತಂತಿ ಹಿಡಿದ ರೇಡಿಯೋ ಕೇಳುಗರನ್ನ ಹೇಗೆ ಬದಲಾಯಿಸ್ತು? ವಾದವೂ ಅಲ್ಲೇ ಹುಟ್ಕೊಂತು. ರೇಡಿಯೋ ತರಂಗ ಹೊಲದಲ್ಲಿರೋನಿಗೂ ಸಿಗುತ್ತೆ. ತಂತಿ ಮನೆಯೊಳಗೆ ನಿಂತುಬಿಡುತ್ತೆ. ಹಾಗಾದ್ರೆ ಅಲ್ಲಿನ ಕಾರ್ಯಕ್ರಮ ಯಾರಿಗೆ ಕೇಳಿಸಬೇಕು ಅನ್ನೋದನ್ನ ಸಂಪಾದಕರಿಗಿಂತ ಮೊದಲು ಪರವಾನಗಿ ನೀತಿ ತೀರ್ಮಾನ ಮಾಡಿತ್ತು. ಇದು ಅವಳ ಪ್ರಬಂಧದ ಹದಿನಾಲ್ಕನೇ ಪುಟದಲ್ಲಿ ಅವಿತುಕೊಂಡಿತ್ತು, ಅಬ್‌ಸ್ಟ್ರಾಕ್ಟಿನಲ್ಲಿ ಸುಳಿವೇ ಇರಲಿಲ್ಲ. ಅಲ್ಲಿದ್ದದ್ದು 'ಫಲಿತಾಂಶಗಳನ್ನು ಚರ್ಚಿಸಲಾಗುವುದು' ಅನ್ನೋ ವಾಕ್ಯ. ಸ್ನೇಹಿತರೇ, ಈ ವಾಕ್ಯ ಎಲ್ಲಿ ಕಂಡ್ರೂ ಅನುಮಾನ ಪಡಿ. ಏನು ಚರ್ಚೆ ಅಂತ ಅಲ್ಲೇ ಹೇಳೋಕಾಗದೇ ಇದ್ರೆ ಬರೆದವರಿಗೇ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ.

ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ೨೫೦ ಪದ ಬರೆದು ಆಮೇಲೆ ಇಂಗ್ಲಿಷ್ ಮಾಡೋಣ ಅಂದ್ರೆ ಲೆಕ್ಕ ತಪ್ಪುತ್ತೆ. 'ಮನೆಯಲ್ಲಿದ್ದವರಿಗೂ ಕೇಳಿಸುತ್ತಿತ್ತು' ನಮ್ಮಲ್ಲಿ ಎರಡೇ ಪದ. ವಿಭಕ್ತಿ, ಪ್ರತ್ಯಯ ಎಲ್ಲ ಒಳಗೇ ಅಂಟಿಕೊಂಡಿರುತ್ತವೆ. ಇಂಗ್ಲಿಷಿಗೆ ಹೋದ್ರೆ ಏಳೆಂಟು ಪದ ಬೇಕು. ಆದ್ರಿಂದ ಕನ್ನಡದಲ್ಲಿ ವಾದವನ್ನ ಬಾಯಲ್ಲಿ ಹೇಳಿನೋಡಿ, ಪದ ಎಣಿಸೋದು ಮಾತ್ರ ಇಂಗ್ಲಿಷಿನಲ್ಲೇ ಇಟ್ಕೊಳ್ಳಿ.

ಇನ್ನು ಕೀವರ್ಡು. ಅವಳು ಬರೆದಿದ್ದು ಮಾಧ್ಯಮ, ರೇಡಿಯೋ, ಸಂವಹನ, ಅಭಿವೃದ್ಧಿ, ಭಾರತ. ಕೊರಿಯರ್ ಹುಡುಗನಿಗೆ ವಿಳಾಸ ಕೇಳಿದ್ರೆ 'ತುಮಕೂರು ರಸ್ತೆ' ಅಂದ ಹಾಗೆ! ಯಶವಂತಪುರದಿಂದ ಹಿಡಿದು ನೆಲಮಂಗಲದ ತನಕ ಹುಡುಕ್ತಾನೆ, ಮಾಕಳಿ ಮಾತ್ರ ಸಿಗಲ್ಲ. ಮಾಧ್ಯಮ ಸಮ್ಮೇಳನಕ್ಕೆ 'ಮಾಧ್ಯಮ' ಅನ್ನೋ ಕೀವರ್ಡಿಂದ ಏನು ಗೊತ್ತಾಗುತ್ತೆ? ಈ ಪ್ರಬಂಧ ಯಾವ ವಿಮರ್ಶಕರ ಕೈಗೆ ಹೋಗಬೇಕು ಅಂತ ನೋಡೋರಿಗೂ ಕೀವರ್ಡೇ ಸುಳಿವು. ರೇಡಿಯೋ ನೀತಿ ಬಲ್ಲವರ ಬದಲು ಸಿನಿಮಾ ಓದುವವರ ಕೈಗೆ ಹೋದ್ರೆ ಕತೆ ಮುಗೀತು.

ನಾಳೆ ಯಾರಾದರೂ ಹುಡುಕುವಾಗ ಏನಾಗುತ್ತೆ ಅನ್ನೋದನ್ನೂ ಯೋಚಿಸಬೇಕು. ಸ್ಕೋಪಸ್‌ನಲ್ಲಿ ಹೀಗೆ ಹುಡುಕ್ತಾರೆ:

```
TITLE-ABS-KEY("community radio" AND karnataka)
```

ಅಂದ್ರೆ ಶೀರ್ಷಿಕೆ, ಅಬ್‌ಸ್ಟ್ರಾಕ್ಟು, ಕೀವರ್ಡು ಮೂರೇ ಕಡೆ ನೋಡುತ್ತೆ. ಇಪ್ಪತ್ತು ಪುಟದ ಒಳಗೆ ನೂರು ಸಲ ಕರ್ನಾಟಕ ಅಂತ ಬರೆದಿದ್ರೂ ಈ ಮೂರರಲ್ಲಿ ಇಲ್ಲದಿದ್ರೆ ಪ್ರಬಂಧ ಇಲ್ಲವೇ ಇಲ್ಲ. ಅದೇ ಕಾರಣಕ್ಕೆ, ಶೀರ್ಷಿಕೆಯಲ್ಲಿ ಇರೋ ಪದವನ್ನ ಕೀವರ್ಡಿನಲ್ಲಿ ಮತ್ತೆ ಹಾಕೋದು ಜಾಗ ದಂಡ. ಅವಳ ಹೊಸ ಶೀರ್ಷಿಕೆಯಲ್ಲಿ `Budikote`, `Namma Dhwani`, `radio` ಆಗಲೇ ಇದ್ವು. ಹಾಗಾಗಿ ಐದು ಹೀಗಾದವು:

```
community radio
cable audio
broadcasting policy
Karnataka
Boodikote
```

ಕೊನೇದು ಕಾಗುಣಿತ ತಪ್ಪಲ್ಲ. ನಮ್ಮ ಊರುಗಳಿಗೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಇರಲ್ಲ. ಬೂದಿಕೋಟೆಯನ್ನ ಒಂದು `u` ಹಾಕಿಯೂ ಬರೀತಾರೆ, ಎರಡು `o` ಹಾಕಿಯೂ ಬರೀತಾರೆ. ಹುಡುಕೋ ಯಂತ್ರಕ್ಕೆ ಅವು ಎರಡು ಬೇರೆ ಊರು. ಒಂದನ್ನ ಶೀರ್ಷಿಕೆಗೆ, ಇನ್ನೊಂದನ್ನ ಕೀವರ್ಡಿಗೆ ಹಾಕಿದ್ರೆ ಎರಡೂ ದಾರಿಯಿಂದ ಬರೋರಿಗೆ ಸಿಗುತ್ತೆ. ಕೀವರ್ಡನ್ನ ಸಾಮಾನ್ಯವಾಗಿ ೨೫೦ರ ಲೆಕ್ಕಕ್ಕೆ ಸೇರಿಸಲ್ಲ, ಆದ್ರಿಂದ ಇದು ಬಿಟ್ಟಿ ಜಾಗ.

ಸಿದ್ಧಾಂತ ಬೇಡ ಅಂತ ನಾನು ಹೇಳ್ತಿಲ್ಲ. ಅದು ಪ್ರಬಂಧದ ಒಳಗೆ ವಿಸ್ತಾರವಾಗಿ ಇರಲಿ. ಆದ್ರೆ ಆ ಇಬ್ಬರು ಸಿದ್ಧಾಂತಿಗಳ ಹೆಸರು ಸಾವಿರಾರು ಅಬ್‌ಸ್ಟ್ರಾಕ್ಟುಗಳಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲದಿದ್ರೆ ಅವರಿಗೇನೂ ನಷ್ಟ ಇಲ್ಲ. ಬೂದಿಕೋಟೆಗೆ ಇದೆ. ೨೦೦೧ರಲ್ಲಿ ಕಾನೂನು ಆ ಊರಿನ ದನಿಯನ್ನ ಗಾಳಿಗೆ ಬಿಡಲಿಲ್ಲ. ಈಗ ೨೫೦ ಪದಗಳ ನೆಪದಲ್ಲಿ ನಾವೇ ಅದರ ಹೆಸರನ್ನ 'ಕರ್ನಾಟಕದ ಒಂದು ಹಳ್ಳಿ' ಅಂತ ಅಳಿಸಿ ಹಾಕೋದು ಯಾವ ನ್ಯಾಯ, ನೀವೇ ಹೇಳಿ.