ಎರಡು ತಾಸು ತಡವಾದರೆ ಸೋರಿದ್ದೆಷ್ಟು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮೊಬೈಲಿನಲ್ಲಿ ಗಣಿತದ ಪುಟಗಳ ಫೋಟೊ ತುಂಬಿರುತ್ತವೆ. 'ಕೆಲಸ ಮತ್ತು ಕಾಲ'ದ ಪುಟದಲ್ಲಿ ಈ ಬಗೆಯ ಲೆಕ್ಕ ಮತ್ತೆ ಮತ್ತೆ ಬರುತ್ತದೆ: ಒಂದು ನಳ ಖಾಲಿ ತೊಟ್ಟಿಯನ್ನು 8 ತಾಸಿನಲ್ಲಿ ತುಂಬುತ್ತದೆ. ತಳದಲ್ಲಿ ಸೋರಿಕೆ ಇರುವುದರಿಂದ 10 ತಾಸು ಹಿಡಿಯಿತು. ನಳ ಬಂದ್ ಮಾಡಿದರೆ ತುಂಬಿದ ತೊಟ್ಟಿ ಎಷ್ಟು ತಾಸಿನಲ್ಲಿ ಖಾಲಿಯಾಗುತ್ತದೆ?

ಹತ್ತರಲ್ಲಿ ಎಂಟು ಕಳೆದು 'ಎರಡು ತಾಸು' ಎನ್ನುವವರೇ ಹೆಚ್ಚು. ಆದರೆ ಆ ಎರಡು ತಾಸು ಸೋರಿಕೆಯದ್ದಲ್ಲ, ನಳದ್ದು. ಸೋರಿಹೋದ ನೀರನ್ನು ತುಂಬಿಕೊಡಲು ನಳ ಹೆಚ್ಚಿಗೆ ಹರಿದ ಹೊತ್ತು ಅದು. ಎಂಟು ತಾಸಿಗೆ ತೊಟ್ಟಿ ತುಂಬಿಸುವ ನಳ ಎರಡು ತಾಸಿಗೆ ಕಾಲು ತೊಟ್ಟಿ ನೀರು ಕೊಡುತ್ತದೆ. ಅಂದರೆ ಹತ್ತು ತಾಸಿನಲ್ಲಿ ಸೋರಿದ್ದು ಕಾಲು ತೊಟ್ಟಿ. ಪೂರ್ತಿ ಸೋರಲು 40 ತಾಸು ಬೇಕು.

ಇದನ್ನೇ ಬೇಗ ಮಾಡುವ ದಾರಿಯಿದೆ. 8 ಮತ್ತು 10ರ ಲ.ಸಾ.ಅ. 40. ತೊಟ್ಟಿಗೆ 40 ಕೊಡ ಹಿಡಿಯುತ್ತದೆ ಎಂದುಕೊಳ್ಳಿ. ನಳ ತಾಸಿಗೆ 5 ಕೊಡ ತರುತ್ತದೆ, ತೊಟ್ಟಿಯಲ್ಲಿ ಉಳಿಯುವುದು 4. ಹೋದದ್ದು 1 ಕೊಡ. ಕೂಡುವುದು, ಕಳೆಯುವುದು ಯಾವಾಗಲೂ ಒಂದು ತಾಸಿನ ನೀರನ್ನೇ ಹೊರತು ತಾಸುಗಳನ್ನಲ್ಲ. 1150ರ ಸುಮಾರಿಗೆ ಭಾಸ್ಕರಾಚಾರ್ಯ 'ಲೀಲಾವತಿ'ಯಲ್ಲಿ ಹಲವು ಧಾರೆಗಳು ಕೂಡಿ ಕೆರೆ ತುಂಬಿಸುವ ಲೆಕ್ಕಕ್ಕೆ ಕೊಟ್ಟ ಸೂತ್ರದ ತಿರುಳೂ ಇದೇ.

ಈ ಲೆಕ್ಕ ಒಂದು ಮಾತನ್ನು ಹೇಳದೆ ಒಪ್ಪಿಕೊಂಡಿರುತ್ತದೆ: ಸೋರಿಕೆಯ ವೇಗ ಬದಲಾಗುವುದಿಲ್ಲ ಎಂದು. ನಿಜದಲ್ಲಿ ಹಾಗಿಲ್ಲ. ತೂತಿನ ಮೇಲಿನ ನೀರಿನ ಎತ್ತರ ಕಾಲು ಭಾಗಕ್ಕೆ ಇಳಿದರೆ ಸೋರುವ ವೇಗ ಅರ್ಧವಾಗುತ್ತದೆ. ಇದು 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ತೋರಿಸಿದ ನಿಯಮ. ತುಂಬಿದ್ದಾಗ ತಾಸಿಗೆ ಒಂದು ಕೊಡದಂತೆ ಸೋರುವ, ನೆಟ್ಟನೆ ಗೋಡೆಯ ತೊಟ್ಟಿ ತಳದ ತೂತಿನಿಂದ ಬರಿದಾಗಲು 40 ಅಲ್ಲ, 80 ತಾಸು ತೆಗೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಮಾತ್ರ 40 ಎಂದೇ ಬರೆಯಬೇಕು.

ಆಲಮಟ್ಟಿ ಜಲಾಶಯದಿಂದ ನೀರೆತ್ತುವ ಮುಳವಾಡ ಏತ ನೀರಾವರಿಯ ಸೀಮೆಯಲ್ಲಿ ಇದೇ ಲೆಕ್ಕ ದೊಡ್ಡ ಅಳತೆಯಲ್ಲಿ ನಡೆದಿರುತ್ತದೆ. ಅಲ್ಲಿ ಪಂಪು ತುಂಬುವ ನಳ. ಕಾಲುವೆ, ಕೆರೆಗಳಲ್ಲಿ ಇಂಗುವ ಮತ್ತು ಆವಿಯಾಗುವ ನೀರೇ ಸೋರಿಕೆ. ಕೆರೆ ತುಂಬಿದಂತೆ ನೀರು ಅಗಲಕ್ಕೆ ಹರಡುತ್ತದೆ, ಬಿಸಿಲಿಗೆ ಆವಿಯೂ ಹೆಚ್ಚುತ್ತದೆ. ಆದ್ದರಿಂದ ಕೊನೆಯ ಅಡಿ ನೀರು ನಿಲ್ಲಿಸಲು ಮೊದಲ ಅಡಿಗಿಂತ ಹೆಚ್ಚು ಹೊತ್ತು ಪಂಪು ಓಡಬೇಕಾಗುತ್ತದೆ.

ಮನೆಯ ತೊಟ್ಟಿಯ ಸೋರಿಕೆ ಅಳೆಯುವುದು ಸುಲಭ. ರಾತ್ರಿ ಎಲ್ಲ ನಳ ಬಂದ್ ಮಾಡಿ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ, ಬೆಳಿಗ್ಗೆ ಎಷ್ಟು ಇಳಿದಿದೆ ನೋಡಿ. ಇಳಿಯುತ್ತ ಬಂದ ನೀರು ಒಂದು ಮಟ್ಟಕ್ಕೆ ನಿಂತುಬಿಟ್ಟರೆ ಗೋಡೆಯ ತೂತು ಆ ಎತ್ತರದಲ್ಲೇ ಇರುತ್ತದೆ. ಗಾರೆಯವರನ್ನು ಕರೆದು ಅಲ್ಲಿಯೇ ಮುಚ್ಚಿಸಿದರಾಯಿತು.